ಪ್ರಾಂಪ್ಟ್‌ಗೂ ಮೊದಲು ಚೌಕಟ್ಟು

ಶಿರಸಿ ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘ ಹಲಸಿನ ಹಪ್ಪಳ ಮಾಡಿ ಮಾರುತ್ತದೆ ಎಂದಿಟ್ಟುಕೊಳ್ಳೋಣ. ಈ ಬೇಸಿಗೆಯಲ್ಲಿ ಅವರಿಗೆ ಮೂರು ಚಿತ್ರ ಬೇಕಾಗಿದೆ: ಇನ್‌ಸ್ಟಾಗ್ರಾಮ್ ರೀಲಿಗೊಂದು ಕವರ್, ಪೋಸ್ಟ್ ಹಾಕಲು ಮತ್ತು ವಾಟ್ಸಾಪ್‌ನಲ್ಲಿ ಹಂಚಲು ಒಂದು ಚೌಕದ ಚಿತ್ರ, ಯೂಟ್ಯೂಬ್ ಚಾನೆಲ್ಲಿನ ನೆತ್ತಿಗೊಂದು ಅಗಲವಾದ ಬ್ಯಾನರ್. ಸಂಘದ ಯಾರದೋ ಮಗಳು ಮೊಬೈಲಿನಲ್ಲಿ ಎಐ ಆ್ಯಪ್ ತೆರೆದು, "ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿರುವ ಮಲೆನಾಡಿನ ಹೆಂಗಸು" ಎಂದು ಬರೆಯುತ್ತಾಳೆ. ಚಿತ್ರ ಬರುತ್ತದೆ. ಚೆನ್ನಾಗಿಯೇ ಇರುತ್ತದೆ. ಅದು ಚೌಕವಾಗಿದೆ ಎಂಬುದು ಅವಳ ಗಮನಕ್ಕೆ ಬರುವುದು ರೀಲಿಗೆ ಹಾಕಲು ಹೊರಟಾಗಲೇ.

ಅಲ್ಲಿಂದ ಕತ್ತರಿ ಕೆಲಸ ಶುರು. 1024 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರುವ ಚೌಕವನ್ನು ರೀಲಿನ 9:16 ಆಕಾರಕ್ಕೆ ಕತ್ತರಿಸಿದರೆ ಉಳಿಯುವುದು 576 ಪಿಕ್ಸೆಲ್ ಅಗಲ ಮಾತ್ರ. ನೂರರಲ್ಲಿ ನಲವತ್ತನಾಲ್ಕು ಭಾಗ ಹೋಯಿತು. ಹೆಂಗಸು ಉಳಿದರೆ ಹಪ್ಪಳ ಹೋಗುತ್ತದೆ, ಹಪ್ಪಳ ಉಳಿಸಿದರೆ ಅವಳ ಭುಜ ತುಂಡಾಗುತ್ತದೆ. ಅಗಲದ ಬ್ಯಾನರಿಗಾಗಿ ಮಾಡಿದ 16:9 ಚಿತ್ರವನ್ನು ನೆಟ್ಟಗೆ ನಿಲ್ಲಿಸಲು ಹೊರಟರಂತೂ ಮೂರನೇ ಒಂದು ಭಾಗವೂ ಕೈಗೆ ಸಿಗದು. ಹಾಗಾಗಿ ನನ್ನ ವಾದ ಇಷ್ಟೇ: ಮೂರು ಜಾಗಕ್ಕೆ ಮೂರು ಬೇರೆ ಚಿತ್ರ ಬೇಕು. ಪ್ರತಿಯೊಂದರ ಆಕಾರವನ್ನೂ ಅದರಲ್ಲಿ ಉಳಿಯುವ ಭಾಗವನ್ನೂ ಮೊದಲು ಗೊತ್ತುಮಾಡಿಕೊಂಡು, ಆಮೇಲಷ್ಟೇ ಪ್ರಾಂಪ್ಟಿನ ಮೊದಲ ಪದ ಬರೆಯಬೇಕು.

ಕೇಳಿದವರು "ಆಕಾರವನ್ನು ಆಮೇಲೆ ಸರಿಮಾಡಿದರಾಗದೇ?" ಎನ್ನುತ್ತಾರೆ. ಆಗದು. ಅದಕ್ಕೆ ಕಾರಣ ಈ ಮಾದರಿಗಳು ಚಿತ್ರ ಕಟ್ಟುವ ಬಗೆಯಲ್ಲಿದೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಮೊದಲು ಹೆಂಗಸನ್ನು ಬರೆದು ಆಮೇಲೆ ಸುತ್ತ ಅಂಗಳ ತುಂಬುವುದಿಲ್ಲ. ಕೇಳಿದ ಅಳತೆಯ ಇಡೀ ಹಾಳೆಯ ಮೇಲೆ ಗೊತ್ತುಗುರಿಯಿಲ್ಲದ ಚುಕ್ಕೆಗಳ ಗದ್ದಲವನ್ನು ಹರಡಿ, ಹಂತಹಂತವಾಗಿ ಆ ಗದ್ದಲ ಕಳೆಯುತ್ತಾ ಹೋಗುತ್ತವೆ. ಯಾವುದು ಎಲ್ಲಿ, ಎಷ್ಟು ದೊಡ್ಡದು ಎಂಬುದು ಮೊದಲ ಕೆಲವು ಹಂತಗಳಲ್ಲೇ ಮುಗಿದುಹೋಗುತ್ತದೆ. ಉಳಿದ ಹಂತಗಳಲ್ಲಿ ಆಗುವುದು ಸೀರೆಯ ಅಂಚು, ಚಾಪೆಯ ನೇಯ್ಗೆಯಂಥ ವಿವರಗಳ ಕೆಲಸ. ಚುಕ್ಕಿ ಇಟ್ಟಾದ ಮೇಲೆ ರಂಗೋಲಿಯ ಅಗಲ ಎತ್ತರ ಬದಲಾಗದಲ್ಲ, ಇದೂ ಹಾಗೆಯೇ.

ಇನ್ನೊಂದು ಸಂಗತಿಯೂ ಇದೆ. ಮಾದರಿ ಕಲಿತದ್ದು ಜನ ತೆಗೆದ ಕೋಟ್ಯಂತರ ಚಿತ್ರಗಳಿಂದ. ಅವುಗಳಲ್ಲಿ ನೆಟ್ಟಗೆ ನಿಂತ ಚಿತ್ರಗಳಲ್ಲಿ ಹೆಚ್ಚಾಗಿ ನಿಂತ ಮನುಷ್ಯರಿರುತ್ತಾರೆ, ಅಡ್ಡವಾದವುಗಳಲ್ಲಿ ಬಯಲು, ಬೆಟ್ಟ, ಸಾಲು ಮನೆಗಳು. ಅದೇ ವಾಕ್ಯವನ್ನು ಎರಡು ಆಕಾರದಲ್ಲಿ ಕೇಳಿ ನೋಡಿ. 9:16ರಲ್ಲಿ ಹೆಂಗಸು ಮುಂದೆ ಬಂದು ನಿಲ್ಲುತ್ತಾಳೆ. 16:9ರಲ್ಲಿ ಅವಳು ಚಿಕ್ಕವಳಾಗಿ ಅಂಗಳ ಹರಡಿಕೊಳ್ಳುತ್ತದೆ. ನೀವು ಆಯ್ದ ಆಕಾರವೂ ಪ್ರಾಂಪ್ಟಿನ ಒಂದು ಮಾತಿನಂತೆಯೇ ಕೆಲಸ ಮಾಡುತ್ತಿರುತ್ತದೆ.

ಆಕಾರ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಹಳೆಯ ಮಾದರಿಗಳು ಒಳ್ಳೆಯ ಸಾಕ್ಷಿ. ಸ್ಟೇಬಲ್ ಡಿಫ್ಯೂಷನ್ 1.5 ಮುಖ್ಯವಾಗಿ 512 ಪಿಕ್ಸೆಲ್‌ಗಳ ಚೌಕದಲ್ಲಿ ಕಲಿತದ್ದು. ಅದಕ್ಕೆ ತುಂಬ ಎತ್ತರದ ಹಾಳೆ ಕೊಟ್ಟರೆ ಒಬ್ಬಳ ತಲೆಯ ಮೇಲೆ ಇನ್ನೊಂದು ತಲೆ, ಒಂದು ಸೊಂಟದ ಕೆಳಗೆ ಇನ್ನೊಂದು ಸೊಂಟ ಬರುತ್ತಿತ್ತು. ತನಗೆ ಗೊತ್ತಿದ್ದ ಚೌಕದ ಚಿತ್ರವನ್ನೇ ಮೇಲೊಂದು ಕೆಳಗೊಂದು ಜೋಡಿಸಿದಂತೆ. ತಲೆ ಕತ್ತರಿಸಿದ ಚಿತ್ರಗಳೂ ಹೇರಳ. ಕಲಿಸುವಾಗಲೇ ಉದ್ದನೆಯ ಚಿತ್ರಗಳನ್ನು ಚೌಕಕ್ಕೆ ಕತ್ತರಿಸಿ ಕೊಟ್ಟಿದ್ದರಿಂದ, ತುಂಡಾದ ತಲೆಯೇ ಸಹಜ ಎಂದು ಮಾದರಿ ಕಲಿತುಬಿಟ್ಟಿತ್ತು. 2023ರಲ್ಲಿ ಬಂದ ಎಸ್‌ಡಿಎಕ್ಸ್‌ಎಲ್ ಮಾದರಿಯ ತಯಾರಕರು ಈ ದೋಷವನ್ನು ತಮ್ಮ ಪ್ರಬಂಧದಲ್ಲಿ ಹೇಳಿ, ಬೇರೆ ಬೇರೆ ಆಕಾರದ ಚಿತ್ರಗಳಿಂದಲೇ ಅದಕ್ಕೆ ಕಲಿಸಿದರು. ಈಗಿನ ಮಾದರಿಗಳಲ್ಲಿ ಎರಡು ತಲೆ ಅಪರೂಪ. ಆದರೆ ಖಾಲಿ ಉಳಿದ ಎತ್ತರವನ್ನು ಏನಾದರೊಂದರಿಂದ ತುಂಬುವ ಚಾಳಿ ಹೋಗಿಲ್ಲ. ನೀವು ಹೇಳದೇ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಹೆಂಗಸೋ, ಬೇಡದ ಮಡಕೆಯೋ, ಯಾರದೆಂದು ತಿಳಿಯದ ಕೈಯೋ ಬಂದು ಕೂರುತ್ತದೆ.

ಈಗ ನಮ್ಮ ಹಪ್ಪಳಕ್ಕೆ ಬರೋಣ. ಮೊದಲು ರೀಲ್ ಕವರ್.

ರೀಲಿನ ಪೂರ್ತಿ ಅಳತೆ 1080 ಅಗಲ, 1920 ಎತ್ತರ. ಆದರೆ ಕವರನ್ನು ಜನ ನೋಡುವುದು ಒಂದೇ ಕಡೆಯಲ್ಲ. ನಿಮ್ಮ ಪ್ರೊಫೈಲಿನ ರೀಲ್ಸ್ ಸಾಲಿನಲ್ಲಿ ಅದು ಪೂರ್ತಿ ಕಾಣುತ್ತದೆ. ಪ್ರೊಫೈಲಿನ ಮುಖ್ಯ ಗ್ರಿಡ್‌ನಲ್ಲಿ ಮೇಲೆ ಕೆಳಗೆ ಕತ್ತರಿಸಿಕೊಂಡು ಕಾಣುತ್ತದೆ. ಈ ಗ್ರಿಡ್ ವರ್ಷಗಟ್ಟಲೆ ಚೌಕವಾಗಿತ್ತು. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಮ್ ಅದನ್ನು ತುಸು ಎತ್ತರದ 3:4 ಆಕಾರಕ್ಕೆ ಬದಲಿಸಿತು. ಚೌಕಕ್ಕೆ ಲೆಕ್ಕ ಹಾಕಿ ಕವರ್ ಮಾಡಿದ್ದ ಎಷ್ಟೋ ಜನರ ಪುಟ ಆಗ ಅಸ್ತವ್ಯಸ್ತವಾಯಿತು.

ಲೆಕ್ಕ ಕಷ್ಟದ್ದಲ್ಲ. 1080 ಅಗಲಕ್ಕೆ 3:4 ಎಂದರೆ 1440 ಎತ್ತರ. 1920ರಲ್ಲಿ 480 ಹೋಯಿತು. ಮೇಲೆ 240, ಕೆಳಗೆ 240. ಎಲ್ಲಾದರೂ ಚೌಕವಾಗಿ ಕಂಡರೆ ಮೇಲೆ 420, ಕೆಳಗೆ 420 ಮಾಯ. ಈ ಎಲ್ಲವನ್ನೂ ನೆನಪಿಡುವ ಬದಲು ನಾನು ಒಂದೇ ನಿಯಮ ಇಟ್ಟುಕೊಳ್ಳಲು ಹೇಳುತ್ತೇನೆ: ಎತ್ತರವನ್ನು ನಾಲ್ಕು ಪಾಲು ಮಾಡಿ, ಮೇಲಿನ ಪಾಲು ಮತ್ತು ಕೆಳಗಿನ ಪಾಲನ್ನು ಹಿನ್ನೆಲೆಗೆ ಬಿಟ್ಟುಕೊಡಿ. ಮುಖ, ಕೈ, ಹಪ್ಪಳ, ಹೆಸರು ಎಲ್ಲವೂ ನಡುವಿನ ಎರಡು ಪಾಲಿನಲ್ಲಿರಲಿ. ನಾಳೆ ಗ್ರಿಡ್ ಮತ್ತೆ ಚೌಕವಾದರೂ ಅವು ಉಳಿಯುತ್ತವೆ.

ಇದನ್ನು ಮಾದರಿಗೆ ಹೇಳುವುದು ಹೇಗೆ? "ಮೇಲೆ 420 ಪಿಕ್ಸೆಲ್ ಬಿಡು" ಎಂದರೆ ಅದಕ್ಕೆ ತಿಳಿಯದು. "ಮೇಲೆ ಖಾಲಿ ಬಿಡು" ಎನ್ನುವುದೂ ಅರ್ಧ ಮಾತು. ಖಾಲಿ ಜಾಗದಲ್ಲಿ ಏನಿರಬೇಕು ಎಂದು ಹೆಸರಿಟ್ಟು ಹೇಳಬೇಕು. ನಡುವಿನ ಎರಡು ಪಾಲು ಎಂದರೆ ಹೆಚ್ಚೂಕಡಿಮೆ ಚೌಕವೇ. ಅದರಲ್ಲಿ ನಿಂತ ಹೆಂಗಸು ಹಿಡಿಸುವುದಿಲ್ಲ, ಎದೆಯವರೆಗಿನ ಹೆಂಗಸು ಹಿಡಿಸುತ್ತಾಳೆ. ಹಾಗಾಗಿ ಪ್ರಾಂಪ್ಟ್ ಹೀಗಾಗುತ್ತದೆ: "ಹತ್ತಿಯ ಸೀರೆ ಉಟ್ಟ ಐವತ್ತು ವರ್ಷದ ಹೆಂಗಸು ಚಾಪೆಯ ಹಿಂದೆ ಕುಳಿತು, ಎರಡೂ ಕೈಯಲ್ಲಿ ಹಪ್ಪಳದ ಕಟ್ಟೊಂದನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದಾಳೆ. ಅವಳ ಮುಖ ಮತ್ತು ಕೈಗಳು ಚಿತ್ರದ ನಡುಭಾಗದಲ್ಲಿವೆ. ತಲೆಯ ಮೇಲೆ ಬಹಳಷ್ಟು ಜಾಗವಿದ್ದು, ಅಲ್ಲಿ ಅಡಿಕೆ ತೋಟದ ಮಸುಕಾದ ಹಸಿರು ಮಾತ್ರ ಇದೆ. ಮುಂದೆ, ಚಿತ್ರದ ಕೆಳಭಾಗದಲ್ಲಿ, ಬರೀ ಚಾಪೆ. ಚಿತ್ರದಲ್ಲಿ ಬೇರೆ ಯಾರೂ ಇಲ್ಲ, ಅಕ್ಷರಗಳಿಲ್ಲ." ಮೊದಲ ಪ್ರಾಂಪ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಸೇರಿದ ಮಾತುಗಳೆಲ್ಲ ಆಕಾರದಿಂದ ಹುಟ್ಟಿದವು. 9:16 ಎಂದು ಮೊದಲೇ ಗೊತ್ತಿರದಿದ್ದರೆ ತಲೆಯ ಮೇಲೇನಿರಬೇಕು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಹಪ್ಪಳದ ಬಗ್ಗೆಯೂ ಒಂದು ಮಾತು ಸೇರಿಸಬೇಕು. "ಹಲಸಿನ ಹಪ್ಪಳ" ಎಂದಷ್ಟೇ ಬರೆದರೆ ಅಂಗಡಿಯ ಉದ್ದಿನ ಹಪ್ಪಳವೋ ಮೆಕ್ಸಿಕೋದ ರೊಟ್ಟಿಯೋ ಬರುವ ಸಾಧ್ಯತೆ ಹೆಚ್ಚು. ಅಂಗೈಯಗಲದ, ಹಳದಿ ಮಿಶ್ರಿತ ಕಂದು ಬಣ್ಣದ, ತೆಳುವಾದ, ಅಂಚು ತುಸು ಅಂಕುಡೊಂಕಾದ ಬಿಲ್ಲೆ ಎಂದು ಬಿಡಿಸಿ ಹೇಳುವುದು ಲೇಸು.

ಅಕ್ಷರಗಳಿಲ್ಲ ಎಂದು ಬರೆದದ್ದೇಕೆ ಎಂದರೆ, ಕನ್ನಡ ಅಕ್ಷರಗಳನ್ನು ಚಿತ್ರದೊಳಗೇ ಬರೆಸಿದಾಗ ಒತ್ತುಗಳು, ಗುಣಿತದ ಚಿಹ್ನೆಗಳು ತಪ್ಪುವುದು ಇನ್ನೂ ಸಾಮಾನ್ಯ. ಹೆಸರನ್ನು ಆಮೇಲೆ ಕ್ಯಾನ್ವಾದಂಥ ಆ್ಯಪಿನಲ್ಲಿ ಕೂರಿಸುವುದೇ ವಾಸಿ. ಆದರೆ ಅದಕ್ಕೆ ಜಾಗವನ್ನು ಈಗಲೇ ಇಟ್ಟಿರಬೇಕು, ಅದೂ ಧಾರಾಳವಾಗಿ. ಕನ್ನಡದ ಒಂದು ಸಾಲು ಇಂಗ್ಲಿಷಿನ ಸಾಲಿಗಿಂತ ಎತ್ತರ ಬೇಡುತ್ತದೆ. 'ಹಪ್ಪಳ'ದ ಪ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಏರುತ್ತದೆ, ಎರಡು ಸಾಲು ಹತ್ತಿರ ಬಂದರೆ ಒಂದಕ್ಕೊಂದು ತಾಗುತ್ತವೆ. ಗ್ರಿಡ್‌ನಲ್ಲಿ ಅಡ್ಡಕ್ಕೆ ಮೂರು ಚಿತ್ರ ಇರುವುದರಿಂದ ನಿಮ್ಮ ಕವರಿಗೆ ಸಿಗುವುದು ಫೋನಿನ ಅಗಲದ ಮೂರನೇ ಒಂದು ಪಾಲು, ಸುಮಾರು ಎರಡು ಸೆಂಟಿಮೀಟರ್. 1080ರ ಅಗಲದಲ್ಲಿ 100 ಪಿಕ್ಸೆಲ್ ಎತ್ತರ ಬರೆದ ಅಕ್ಷರ ಅಲ್ಲಿ 2 ಮಿಲಿಮೀಟರಿಗೆ ಇಳಿಯುತ್ತದೆ. ಎರಡೇ ಪದ, ಎರಡು ಸಾಲು, ಪ್ರತಿ ಅಕ್ಷರ 150 ಪಿಕ್ಸೆಲ್‌ಗಿಂತ ದೊಡ್ಡದು. ಇದಕ್ಕಿಂತ ಹೆಚ್ಚು ಕವರಿನ ಮೇಲೆ ತುರುಕಬಾರದು. ಕೈಯಲ್ಲಿರುವ ಹಪ್ಪಳದ ಕಟ್ಟಿನ ಕೆಳಗೆ, ಸೀರೆಯ ಸಪಾಟಾದ ಭಾಗದ ಮೇಲೆ ಹೆಸರು ಬರುವುದಾದರೆ, ಸೀರೆಗೆ ದೊಡ್ಡ ಹೂವಿನ ಚಿತ್ತಾರ ಬೇಡ, ಕಡುಹಸಿರಿನ ಒಂದೇ ಬಣ್ಣ ಇರಲಿ ಎಂದು ಪ್ರಾಂಪ್ಟಿನಲ್ಲೇ ಸೇರಿಸಬೇಕಾಗುತ್ತದೆ.

ಆಕಾರವನ್ನು ಎಲ್ಲಿ ಹೇಳಬೇಕು ಎಂಬುದು ಆ್ಯಪಿನಿಂದ ಆ್ಯಪಿಗೆ ಬೇರೆ. ಮಿಡ್‌ಜರ್ನಿಯಲ್ಲಿ ಪ್ರಾಂಪ್ಟಿನ ಕೊನೆಗೆ ಹೀಗೆ ಟೈಪ್ ಮಾಡಬೇಕು; ಏನೂ ಹೇಳದಿದ್ದರೆ ಅದು ಚೌಕವನ್ನೇ ಕೊಡುತ್ತದೆ.

```
--ar 9:16
```

ಕೆಲವು ಆ್ಯಪ್‌ಗಳಲ್ಲಿ ಆಕಾರದ ಪಟ್ಟಿ ಇರುತ್ತದೆ. ಅಲ್ಲಿ ಅದನ್ನೇ ಒತ್ತಿ ಆರಿಸಿ. "ಉದ್ದನೆಯ ಚಿತ್ರ" ಎಂದು ವಾಕ್ಯದಲ್ಲಿ ಬರೆದು ಬಿಟ್ಟರೆ ಒಮ್ಮೊಮ್ಮೆ ಚೌಕದೊಳಗೆ ಉದ್ದನೆಯ ಫೋಟೋ ಫ್ರೇಮಿನ ಚಿತ್ರವೇ ಬಂದೀತು. ಪಟ್ಟಿಯಲ್ಲಿ 9:16 ಇಲ್ಲದಿರುವ ಸಂದರ್ಭವೂ ಉಂಟು. ಓಪನ್‌ಎಐಯ ಜಿಪಿಟಿ ಇಮೇಜ್ 1 ಮಾದರಿ 2025ರಲ್ಲಿ ಬಂದಾಗ ಅದರಲ್ಲಿದ್ದದ್ದು ಮೂರೇ ಅಳತೆ: ಚೌಕ, 1536 ಅಗಲದ ಅಡ್ಡ, 1536 ಎತ್ತರದ ಉದ್ದ. ಆ ಉದ್ದದ ಚಿತ್ರದ ಅಗಲ 1024, ಎಂದರೆ ಅದು 2:3. ರೀಲಿಗೆ ಹೊಂದಿಸಲು ಎಡಕ್ಕೆ 80, ಬಲಕ್ಕೆ 80 ಪಿಕ್ಸೆಲ್ ಕತ್ತರಿಸಬೇಕು. ಮೊದಲೇ ಗೊತ್ತಿದ್ದರೆ "ಎರಡೂ ಬದಿಯ ಅಂಚಿನಲ್ಲಿ ತೋಟದ ಹಸಿರು ಮಾತ್ರ" ಎಂದು ಬರೆದು ಕತ್ತರಿಗೆ ಬೇಕಾದಷ್ಟು ಬಿಟ್ಟುಕೊಡಬಹುದು. ಗೊತ್ತಿಲ್ಲದಿದ್ದರೆ ಮೊಣಕೈ ಹೋಗುತ್ತದೆ.

ಚೌಕದ ಪೋಸ್ಟ್ ಎಲ್ಲಕ್ಕಿಂತ ಸುಲಭ ಎಂಬ ನಂಬಿಕೆಯಿದೆ. ಬಹುಪಾಲು ನಿಜವೇ. ಆದರೆ ಹೊಸ ಗ್ರಿಡ್ ಬಂದ ಮೇಲೆ ಅದರ ಅಪಾಯ ಬದಿಗಳಿಗೆ ಸರಿದಿದೆ. 1080ರ ಚೌಕ 3:4ರ ಗ್ರಿಡ್‌ನಲ್ಲಿ ಕಾಣುವಾಗ ಎಡಬಲಗಳಲ್ಲಿ 135ರಂತೆ ಕಳೆದುಕೊಂಡು 810 ಅಗಲಕ್ಕೆ ಇಳಿಯುತ್ತದೆ. ಬದಿಯಲ್ಲಿ ಬರೆದ ಬೆಲೆ ಅರ್ಧಕ್ಕೆ ತುಂಡಾಗುವುದು ಇದರಿಂದಲೇ. ಇದೇ ಚಿತ್ರವನ್ನು ವಾಟ್ಸಾಪಿನ ಪ್ರೊಫೈಲ್ ಚಿತ್ರವಾಗಿಯೂ ಇಟ್ಟರೆ ಅದು ವೃತ್ತವಾಗಿ ಕಾಣುತ್ತದೆ, ನಾಲ್ಕೂ ಮೂಲೆ ಹೋಗುತ್ತವೆ. ಹಪ್ಪಳಕ್ಕೆ ಇದೊಂದು ಅನುಕೂಲವೇ. ದುಂಡನೆಯ ವಸ್ತುವನ್ನು ದುಂಡನೆಯ ಬಿದಿರಿನ ತಟ್ಟೆಯಲ್ಲಿ ಜೋಡಿಸಿ, ನೇರ ಮೇಲಿನಿಂದ ನೋಡಿದಂತೆ ಕೇಳಿ. ತಟ್ಟೆಯ ಸುತ್ತ ಬಾಳೆಲೆಯ ಹಸಿರು. ಚೌಕ, ಉದ್ದ, ವೃತ್ತ ಮೂರರಲ್ಲೂ ಅದು ನಿಲ್ಲುತ್ತದೆ. ಬೆಲೆಯನ್ನು ಮೇಲಿನ ಅಂಚಿನ ನಡುವೆ ಬರೆಯಿರಿ.

ಆದರೆ ಈ ಚೌಕದ ಚಿತ್ರದ ವಿಷಯದಲ್ಲಿ ನನಗೆ ಒಂದು ಬಲವಾದ ಅಭಿಪ್ರಾಯವಿದೆ. ಮಾರುವ ಹಪ್ಪಳದ ಚಿತ್ರವನ್ನು ಎಐನಿಂದ ಬರೆಸಬಾರದು. ಕೊಳ್ಳುವವರು ನೋಡಿ ದುಡ್ಡು ಕೊಡುವುದು ಅದನ್ನೇ. ಅದು ಸಂಘದ ಹಪ್ಪಳವೇ ಆಗಿರಬೇಕು. ಫೋನಿನಲ್ಲಿ ನಿಜವಾದ ಫೋಟೋ ತೆಗೆದು, ಎಐಗೆ ಹಾಳೆ ಹಿಗ್ಗಿಸುವ ಕೆಲಸ ಮಾತ್ರ ಕೊಡುವುದು ಪ್ರಾಮಾಣಿಕ ದಾರಿ. ಇಲ್ಲಿಯೂ ಆಕಾರದ ಲೆಕ್ಕ ಮೊದಲು. ಹೆಚ್ಚಿನ ಫೋನುಗಳ ಫೋಟೋ 3:4. 3024 ಅಗಲ, 4032 ಎತ್ತರದ ಫೋಟೋವನ್ನು ರೀಲ್ ಕವರಿಗೆ 9:16 ಮಾಡಬೇಕಾದರೆ ಎತ್ತರ 5376 ಆಗಬೇಕು. ಮೇಲೆ 672, ಕೆಳಗೆ 672 ಪಿಕ್ಸೆಲ್ ಹೊಸದಾಗಿ ಬರೆಸಿದರೆ ಸಾಕು. ಫೋಟೋ ತೆಗೆಯುವಾಗಲೇ ಮೇಲಿನ ಅಂಚಿಗೆ ತೋಟ, ಕೆಳಗಿನ ಅಂಚಿಗೆ ಚಾಪೆ ಮಾತ್ರ ತಾಗುವಂತೆ ನೋಡಿಕೊಂಡರೆ ಹಿಗ್ಗಿಸಿದ ಭಾಗ ಹಳೆಯದರಲ್ಲಿ ಬೆರೆತುಹೋಗುತ್ತದೆ. ಅಂಚಿಗೆ ಕೈಯೋ ಹಪ್ಪಳವೋ ಅರ್ಧ ತಾಗಿದ್ದರೆ, ಉಳಿದರ್ಧವನ್ನು ಯಂತ್ರ ಊಹಿಸಬೇಕಾಗುತ್ತದೆ, ಆರು ಬೆರಳು ಮೂಡುವುದು ಅಂಥ ಕಡೆ.

ಇನ್ನು ಬ್ಯಾನರ್. ಮೂರರಲ್ಲಿ ಜನ ಹೆಚ್ಚು ಎಡವುವುದು ಇಲ್ಲಿ, ಯಾಕೆಂದರೆ ಯೂಟ್ಯೂಬ್ ಬ್ಯಾನರ್ ಕಾಣುವ ಆಕಾರ ಬೇರೆ, ಕೇಳುವ ಆಕಾರ ಬೇರೆ. ಕಂಪ್ಯೂಟರಿನಲ್ಲಿ ಅದು ತೆಳುವಾದ ಪಟ್ಟಿಯಂತೆ ಕಾಣುತ್ತದೆ. ಅದನ್ನು ನೋಡಿದವರು ಪಟ್ಟಿಯಲ್ಲಿರುವ ಅತ್ಯಂತ ಅಗಲದ 21:9 ಆರಿಸುತ್ತಾರೆ. ಆದರೆ ಯೂಟ್ಯೂಬ್ ಕೇಳುವುದು 16:9 ಚಿತ್ರ, ಕನಿಷ್ಠ 2048 ಅಗಲ, 1152 ಎತ್ತರ. ಅದಕ್ಕಿಂತ ಚಿಕ್ಕದಾದರೆ ತೆಗೆದುಕೊಳ್ಳುವುದಿಲ್ಲ. ಎಐ ಮಾದರಿಗಳ ಅಡ್ಡ ಚಿತ್ರ ಹಲವು ಬಾರಿ 1344 ಅಗಲದ ಆಸುಪಾಸಿನಲ್ಲಿರುವುದರಿಂದ, ದೊಡ್ಡದು ಮಾಡುವ ಒಂದು ಹಂತವೂ ನಡುವೆ ಬೇಕಾಗುತ್ತದೆ.

ಆ 16:9 ಚಿತ್ರ ಪೂರ್ತಿ ಕಾಣುವುದು ಟಿವಿಯಲ್ಲಿ ಮಾತ್ರ. ಎಲ್ಲ ಪರದೆಗಳಲ್ಲೂ ಉಳಿಯುವುದು ನಟ್ಟನಡುವಿನ 1235 ಅಗಲ, 338 ಎತ್ತರದ ಪಟ್ಟಿ; ಹೆಸರು, ಗುರುತು ಅದರೊಳಗಿರಲಿ ಎಂದು ಯೂಟ್ಯೂಬೇ ಹೇಳುತ್ತದೆ. ಇದನ್ನು ಇಡೀ ಚಿತ್ರದ ಜೊತೆ ಹೋಲಿಸಿ. ಅಗಲದಲ್ಲಿ ನೂರರಲ್ಲಿ ಅರವತ್ತು ಭಾಗ ಉಳಿದರೆ ಎತ್ತರದಲ್ಲಿ ಮೂರನೇ ಒಂದೂ ಇಲ್ಲ. ಒಟ್ಟು ಚಿತ್ರದ ಐದನೇ ಒಂದು ಭಾಗಕ್ಕಿಂತ ಕಡಿಮೆ. ಸಾಮಾನ್ಯವಾಗಿ ಚಿತ್ರ ಬರೆಯುವವರು ಮುಖವನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಇಡುತ್ತಾರೆ, ಮಾದರಿಯೂ ಅದನ್ನೇ ಕಲಿತಿದೆ. ಬ್ಯಾನರಿನಲ್ಲಿ ಕತ್ತರಿ ಬೀಳುವುದು ನೇರ ಅಲ್ಲಿಗೆ. ಫೋನಿನಲ್ಲಿ ಚಾನೆಲ್ ತೆರೆದವರಿಗೆ ತಲೆಯಿಲ್ಲದ ಹೆಂಗಸು ಕಾಣುತ್ತಾಳೆ.

ಹಾಗಾಗಿ ಬ್ಯಾನರಿಗೆ ಹೆಂಗಸಿನ ಮುಖವನ್ನು ನಂಬಿಕೊಳ್ಳದಿರುವುದೇ ಮೇಲು. ತೆಳು ಪಟ್ಟಿಗೆ ಹೊಂದುವುದು ಸಾಲು. ಚಾಪೆಯ ಮೇಲೆ ಸಾಲಾಗಿ ಒಣಗಿದ ಹಪ್ಪಳ ಅದಕ್ಕೆ ಹೇಳಿ ಮಾಡಿಸಿದ್ದು. "ದೂರದಿಂದ, ತುಸು ಎತ್ತರದಿಂದ ನೋಡಿದ ಮಲೆನಾಡಿನ ಅಂಗಳ. ಚಿತ್ರದ ನಡುವೆ, ಎಡದಿಂದ ಬಲಕ್ಕೆ ಒಂದೇ ಉದ್ದನೆಯ ಪಟ್ಟಿಯಾಗಿ ಚಾಪೆಗಳು, ಅವುಗಳ ಮೇಲೆ ದುಂಡನೆಯ ಹಪ್ಪಳಗಳ ಸಾಲು. ಚಾಪೆಯ ಮೇಲಿನ ಭಾಗದಲ್ಲಿ ನೆರಳಾದ ಅಡಿಕೆ ತೋಟ, ಕೆಳಗಿನ ಭಾಗದಲ್ಲಿ ಸೆಗಣಿ ಸಾರಿಸಿದ ಬರೀ ನೆಲ. ನಟ್ಟನಡುವೆ ಒಂದು ಚಾಪೆ ಖಾಲಿ ಇದೆ." ಆ ಖಾಲಿ ಚಾಪೆ ಸಂಘದ ಹೆಸರಿಗೆ. ಕ್ಯಾಮೆರಾ ದೂರವಿರಬೇಕು ಎಂಬ ಮಾತು ಇದರಲ್ಲಿ ಮುಖ್ಯ. ಹತ್ತಿರ ಬಂದಷ್ಟೂ ಹಪ್ಪಳ ದೊಡ್ಡದಾಗಿ ಪಟ್ಟಿಯಿಂದಾಚೆ ಬೆಳೆಯುತ್ತದೆ.

ಫೇಸ್‌ಬುಕ್ ಪುಟದ ಕವರಿಗೆ ಇದೇ ಚಿತ್ರ ಬಳಸಬಹುದು. ಅಲ್ಲಿ ಕಂಪ್ಯೂಟರಿನಲ್ಲಿ 851 ಅಗಲ 315 ಎತ್ತರ, ಫೋನಿನಲ್ಲಿ 640 ಅಗಲ 360 ಎತ್ತರ ಕಾಣುವುದರಿಂದ, 16:9 ಚಿತ್ರದ ನಡುಪಟ್ಟಿಯಲ್ಲಿ ಮುಖ್ಯವಾದದ್ದಿದ್ದರೆ ಎರಡೂ ಕಡೆ ಬಾಳುತ್ತದೆ.

ಮೂರು ಚಿತ್ರಗಳನ್ನು ಮೂರು ಪ್ರಾಂಪ್ಟಿನಿಂದ ಮಾಡಿದಾಗ ಅವು ಒಂದೇ ಮನೆಯವು ಎನಿಸದಿರುವ ತೊಂದರೆಯೊಂದು ಉಳಿಯುತ್ತದೆ. ಒಂದರಲ್ಲಿ ಬೆಳಗಿನ ಬಿಸಿಲು, ಇನ್ನೊಂದರಲ್ಲಿ ಸಂಜೆ. ಚಾಪೆಯ ಬಣ್ಣವೂ ಬೇರೆ. ಇದಕ್ಕೆ ಪ್ರಾಂಪ್ಟನ್ನು ಎರಡು ತುಂಡು ಮಾಡಿಕೊಳ್ಳಬೇಕು. ಹಪ್ಪಳ, ಚಾಪೆ, ಬೆಳಕು, ಸೀರೆಯ ಬಣ್ಣ ಇವುಗಳ ವಿವರಣೆ ಮೂರರಲ್ಲೂ ಅಕ್ಷರಶಃ ಒಂದೇ ಇರಲಿ. ಎಲ್ಲಿ ಏನು, ಎಷ್ಟು ದೂರ, ಯಾವ ಅಂಚಿನಲ್ಲಿ ಹಿನ್ನೆಲೆ ಎಂಬ ತುಂಡು ಮಾತ್ರ ಆಕಾರಕ್ಕೆ ತಕ್ಕಂತೆ ಬದಲಾಗಲಿ. ಒಂದು ಚಿತ್ರ ಸರಿಬಂದ ಮೇಲೆ ಅದನ್ನೇ ಮಾದರಿಗೆ ತೋರಿಸಿ "ಇದೇ ಜಾಗ, ಆದರೆ ಅಗಲವಾಗಿ" ಎಂದು ಕೇಳುವ ದಾರಿಯೂ ಇದೆ. ಅಲ್ಲೊಂದು ಎಚ್ಚರ ಬೇಕು. ಗೂಗಲ್‌ನ ಜೆಮಿನಿ 2.5 ಫ್ಲ್ಯಾಶ್ ಇಮೇಜ್ ಹತ್ತು ಬಗೆಯ ಆಕಾರ ಕೊಡಬಲ್ಲದು, ಆದರೆ ಆಕಾರ ಆರಿಸದೇ ಚಿತ್ರವೊಂದನ್ನು ಕೊಟ್ಟರೆ ಸಾಮಾನ್ಯವಾಗಿ ಕೊಟ್ಟ ಚಿತ್ರದ ಆಕಾರವನ್ನೇ ಹಿಡಿಯುತ್ತದೆ. ಉದ್ದನೆಯ ಕವರ್ ತೋರಿಸಿ ಅಗಲದ ಬ್ಯಾನರ್ ಕೇಳಿದರೆ ಮತ್ತೆ ಉದ್ದನೆಯದೇ ಬರಬಹುದು. ಚಿತ್ರ ಸೇರಿಸುವ ಮೊದಲೇ 16:9 ಆರಿಸಿ, ಬಂದ ಚಿತ್ರದ ಅಗಲ ಎತ್ತರವನ್ನು ಫೋನಿನ ಗ್ಯಾಲರಿಯ ವಿವರದಲ್ಲಿ ತೆರೆದು ನೋಡಿ, ಅಗಲವನ್ನು ಎತ್ತರದಿಂದ ಭಾಗಿಸಿ. 1.78ರ ಹತ್ತಿರ ಬಂದರೆ ಮಾತ್ರ ಮುಂದಿನ ಕೆಲಸಕ್ಕೆ ಹೋಗಿ.